ಯಾವ ಮೂಟೆಯ ಬೆಲೆ?

ಹಾಸನದಲ್ಲಿ ಒಂದು ಪುಟ್ಟ ಕಾಫಿಪುಡಿ ಅಂಗಡಿ ಇದೆ ಎಂದುಕೊಳ್ಳಿ. ಹಿಂಬದಿಯ ಗೋದಾಮಿನಲ್ಲಿ ರೊಬಸ್ಟಾ ಬೀಜದ ಮೂಟೆಗಳು. ಗೋಡೆಗೆ ಒತ್ತಿಕೊಂಡಿರುವ ಮೂಟೆಗಳನ್ನು ಕಿಲೋಗೆ 300 ರೂಪಾಯಿಯಂತೆ ಕೊಂಡದ್ದು, ಅದರ ಮುಂದಿನವು 340ರಂತೆ ಬಂದವು, ಬಾಗಿಲ ಬಳಿ ನಿನ್ನೆ ಇಳಿಸಿದವಕ್ಕೆ 390 ಕೊಟ್ಟಿದ್ದಾರೆ. ಬೀಜ ಒಂದೇ, ತೇವಾಂಶ ಒಂದೇ, ಹುರಿದರೆ ಬರುವ ವಾಸನೆಯೂ ಒಂದೇ. ಈಗ ಹುರಿಯುವವನು ಬಂದು ‘ನಾನೂರು ಕಿಲೋ ಕೊಡಿ’ ಎನ್ನುತ್ತಾನೆ. ಅವನಿಗೆ ಯಾವ ಮೂಟೆ ಕೊಡಬೇಕೆಂಬುದು ಕಷ್ಟದ ಪ್ರಶ್ನೆಯಲ್ಲ. ದಾಸ್ತಾನು ಪುಸ್ತಕದಲ್ಲಿ ಆ ನಾನೂರು ಕಿಲೋ ಎದುರು ಯಾವ ಬೆಲೆ ಬರೆಯಬೇಕು ಎಂಬುದೇ ಕಷ್ಟ.

ಬೆಲೆ ವರ್ಷಗಟ್ಟಲೆ ಅಲುಗಾಡದೆ ಇದ್ದರೆ ಈ ಪ್ರಶ್ನೆಯೇ ಏಳುವುದಿಲ್ಲ. ಆದರೆ 2024ರಲ್ಲಿ ವಿಯೆಟ್ನಾಂ ಮತ್ತು ಬ್ರೆಜಿಲ್‌ನಲ್ಲಿ ಮಳೆ ಕೈಕೊಟ್ಟಾಗ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಹಿಂದೆಂದೂ ಕಾಣದ ಎತ್ತರಕ್ಕೆ ಹೋಯಿತು. ದೇಶದ ಕಾಫಿಯಲ್ಲಿ ಬಹುಪಾಲು ಬೆಳೆಯುವ ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರ ಮುಖ ಅರಳಿತು. ಪುಡಿ ಮಾರುವವರಿಗೆ ಮಾತ್ರ ಪ್ರತಿ ಲೋಡಿಗೂ ಹೊಸ ಬೆಲೆ.

ಲೆಕ್ಕ ಹಾಕಿಯೇ ನೋಡೋಣ. ಅಂಕಿಗಳು ಕೈಯಲ್ಲೇ ಕೂಡಿಸಲು ಬರುವಂತೆ ನಾನು ಇಟ್ಟುಕೊಂಡವು. ಜನವರಿ 1ಕ್ಕೆ ಗೋದಾಮಿನಲ್ಲಿ 400 ಕಿಲೋ, ಬೆಲೆ 300. 8ನೇ ತಾರೀಖು ಇನ್ನೊಂದು 400 ಕಿಲೋ ಬಂತು, 340ರಂತೆ. 12ಕ್ಕೆ 600 ಕಿಲೋ ಹುರಿಯಲು ಹೋಯಿತು. 20ಕ್ಕೆ 300 ಕಿಲೋ ಖರೀದಿ, 390ರಂತೆ. 25ಕ್ಕೆ ಮತ್ತೆ 400 ಕಿಲೋ ಹುರಿಯಲು. ತಿಂಗಳ ಕೊನೆಗೆ ಉಳಿದದ್ದು 100 ಕಿಲೋ. ಬೀಜಕ್ಕೆ ಹಾಕಿದ ಒಟ್ಟು ದುಡ್ಡು 3,73,000 ರೂಪಾಯಿ. ಈ ದುಡ್ಡಿನಲ್ಲಿ ಎಷ್ಟು ಭಾಗ ಬಾಣಲೆಗೆ ಹೋಯಿತು, ಎಷ್ಟು ಭಾಗ ಗೋದಾಮಿನಲ್ಲೇ ಕೂತಿದೆ? ನಾವು ಕೇಳುತ್ತಿರುವುದು ಇಷ್ಟೇ.

ಮೊದಲ ದಾರಿ ಫಿಫೋ. ಮೊದಲು ಬಂದದ್ದು ಮೊದಲು ಹೊರಗೆ. 12ರ 600 ಕಿಲೋಗೆ ಹಳೆಯ 400 ಕಿಲೋ 300ರಂತೆ, ಉಳಿದ 200 ಕಿಲೋ 340ರಂತೆ, ಒಟ್ಟು 1,88,000. 25ರ 400 ಕಿಲೋಗೆ 340ರ 200 ಕಿಲೋ, 390ರ 200 ಕಿಲೋ, ಒಟ್ಟು 1,46,000. ತಿಂಗಳಿಗೆ 3,34,000 ರೂಪಾಯಿಯ ಬೀಜ ಬಾಣಲೆಗೆ ಬಿತ್ತು. ಗೋದಾಮಿನಲ್ಲಿ ಉಳಿದ 100 ಕಿಲೋ ಹೊಸ ಬೆಲೆಯದು, 39,000.

ಎರಡನೆಯದು ಲಿಫೋ, ಕೊನೆಗೆ ಬಂದದ್ದು ಮೊದಲು ಹೊರಗೆ. ನಮ್ಮ ಅಡುಗೆಮನೆಯ ಅಕ್ಕಿ ಡಬ್ಬಿಯ ಹಾಗೆ. ಹೊಸ ಅಕ್ಕಿಯನ್ನು ಹಳೆಯದರ ಮೇಲೆ ಸುರಿದು ಮೇಲಿಂದ ಪಾವಿನಲ್ಲಿ ಅಳೆದು ತೆಗೆದರೆ ತಳದ ಅಕ್ಕಿ ಹುಳು ಬೀಳುವವರೆಗೂ ಅಲ್ಲೇ. 12ಕ್ಕೆ 340ರ 400 ಕಿಲೋ, 300ರ 200 ಕಿಲೋ ಸೇರಿ 1,96,000. 25ಕ್ಕೆ 390ರ 300 ಕಿಲೋ ಪೂರ್ತಿ ಮುಗಿದು, ಸಾಲದ 100 ಕಿಲೋ ಹಳೆಯ 300ರ ರಾಶಿಯಿಂದ, ಒಟ್ಟು 1,47,000. ತಿಂಗಳಿಗೆ 3,43,000. ಉಳಿದ 100 ಕಿಲೋ ಪುಸ್ತಕದಲ್ಲಿ ಬರೀ 30,000.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಲಿಫೋ ಎಂದರೆ ಹೊಸ ಮೂಟೆಯನ್ನೇ ಮೊದಲು ಒಡೆಯಬೇಕು ಎಂದಲ್ಲ. ಹಳೆ ಬೀಜ ಮಂಕಾಗುತ್ತದೆ, ಬುದ್ಧಿ ಇರುವ ಯಾರೂ ಅದನ್ನು ಹಿಂದೆ ಉಳಿಸಿಕೊಳ್ಳುವುದಿಲ್ಲ. ಗೋದಾಮಿನ ಹುಡುಗ ಹಳೆ ಮೂಟೆಯನ್ನೇ ಹೊತ್ತು ತರುತ್ತಾನೆ. ಪುಸ್ತಕ ಬರೆಯುವವನು ಹೊಸ ಮೂಟೆಯ ಬೆಲೆ ಬರೆಯುತ್ತಾನೆ. ಮೂಟೆ ನಡೆಯುವ ದಾರಿ ಬೇರೆ, ಬೆಲೆ ನಡೆಯುವ ದಾರಿ ಬೇರೆ.

ಮೂರನೆಯದು ತೂಕದ ಸರಾಸರಿ. ಪೆಟ್ರೋಲ್ ಬಂಕಿನ ನೆಲದೊಳಗಿನ ಟ್ಯಾಂಕಿನಲ್ಲಿ ಹಳೆಯದೂ ಹೊಸದೂ ಬೆರೆತುಹೋಗುತ್ತದಲ್ಲ, ಹಾಗೆ. 8ನೇ ತಾರೀಖು 800 ಕಿಲೋಗೆ 2,56,000 ರೂಪಾಯಿ, ಅಂದರೆ ಕಿಲೋಗೆ 320. 12ರ 600 ಕಿಲೋ ಈ ಬೆಲೆಯಲ್ಲೇ ಹೊರಟಿತು, 1,92,000. ಉಳಿದ 200 ಕಿಲೋ 64,000ಕ್ಕೆ 20ರ ಖರೀದಿಯ 1,17,000 ಸೇರಿ 500 ಕಿಲೋಗೆ 1,81,000 ಆಯಿತು. ಹೊಸ ಸರಾಸರಿ 362. 25ರ 400 ಕಿಲೋಗೆ 1,44,800. ತಿಂಗಳ ಒಟ್ಟು 3,36,800, ಉಳಿಕೆ 36,200. ಮಾಲು ಬಂದಾಗ ಮಾತ್ರ ಸರಾಸರಿ ಬದಲಾಗುತ್ತದೆ. ಹೊರಗೆ ಹೋದಾಗ ಬದಲಾಗುವುದಿಲ್ಲ.

ಈ ಮೂರನೆಯದರಲ್ಲೇ ಹೆಚ್ಚು ಜನ ಎಡವುತ್ತಾರೆ. ತೂಕವನ್ನು ಮರೆತು 320 ಮತ್ತು 390ನ್ನು ಕೂಡಿಸಿ ಎರಡರಿಂದ ಭಾಗಿಸಿ 355 ಎಂದು ಬರೆದುಬಿಡುತ್ತಾರೆ. 8ನೇ ತಾರೀಖಿನಂದು ಎರಡೂ ರಾಶಿ ಸಮ ಇದ್ದದ್ದರಿಂದ ಈ ತಪ್ಪು ಹಿಡಿಯಲು ಸಿಗುವುದಿಲ್ಲ, ಆಗ ಎರಡು ರೀತಿಯಲ್ಲೂ 320 ಬರುತ್ತದೆ. 20ರಂದು ಸಿಗುತ್ತದೆ. 500 ಕಿಲೋ 355ರಂತೆ 1,77,500. ಆದರೆ ದುಡ್ಡು ಕೊಟ್ಟದ್ದು 1,81,000. ಮೂರೂವರೆ ಸಾವಿರ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ, ಪುಸ್ತಕದಿಂದ ಜಾರಿದೆ. ಹೊರಗೆ ಹೋದದ್ದು ಮತ್ತು ಉಳಿದದ್ದು ಎರಡನ್ನೂ ಕೂಡಿಸಿದರೆ ಹಾಕಿದ ದುಡ್ಡು ಪೈಸೆ ಬಿಡದೆ ಬರಬೇಕು. ಮೇಲಿನ ಮೂರೂ ದಾರಿಯಲ್ಲಿ ಕೂಡಿಸಿ ನೋಡಿ, 3,73,000 ಬರುತ್ತದೆ.

ಇನ್ನು ಪುಡಿಯ ಅಸಲಿಗೆ ಬರೋಣ. ಹುರಿದಾಗ ನೀರಿನಂಶ ಆರಿ, ಸಿಪ್ಪೆ ಹಾರಿ ತೂಕ ಇಳಿಯುತ್ತದೆ. ಕಪ್ಪಗೆ ಹುರಿಯುವ ಫಿಲ್ಟರ್ ಕಾಫಿಗೆ ನೂರಕ್ಕೆ ಇಪ್ಪತ್ತು ಹೋಯಿತು ಎಂದಿಟ್ಟುಕೊಂಡರೆ 1,000 ಕಿಲೋ ಬೀಜದಿಂದ 800 ಕಿಲೋ ಪುಡಿ. ಒಂದು ಕಿಲೋ ಪುಡಿಯಲ್ಲಿ ಬೀಜದ ಅಸಲು ಫಿಫೋದಲ್ಲಿ 417.50 ರೂಪಾಯಿ, ಸರಾಸರಿಯಲ್ಲಿ 421, ಲಿಫೋದಲ್ಲಿ 428.75. ಅದೇ ಬೀಜ, ಅದೇ ಬಾಣಲೆ. ಬೆಲೆ ಏರುವಾಗ ಹಳೆಯ ಅಗ್ಗದ ಬೆಲೆಯನ್ನು ಫಿಫೋ ಮೊದಲು ಖರ್ಚಿಗೆ ತಳ್ಳುತ್ತದೆ, ಅದಕ್ಕೇ ಅಸಲು ಕಡಿಮೆ ಕಾಣುತ್ತದೆ. ಲಿಫೋ ಹೊಸ ದುಬಾರಿ ಬೆಲೆಯನ್ನು ತಳ್ಳುತ್ತದೆ. ಸರಾಸರಿ ನಡುವೆ ನಿಲ್ಲುತ್ತದೆ. ಬೆಲೆ ಇಳಿಯುವ ಕಾಲ ಬಂದರೆ ಇದೆಲ್ಲ ತಲೆಕೆಳಗು.

ತಿಂಗಳ ಮೊತ್ತಕ್ಕಿಂತ ಒಂದೊಂದೇ ಬಾಣಲೆಯನ್ನು ನೋಡಿದರೆ ಇನ್ನೂ ಸ್ವಾರಸ್ಯ. ಫಿಫೋದಲ್ಲಿ 12ರಂದು ಹುರಿದ ಪುಡಿಯ ಬೀಜದ ಅಸಲು ಕಿಲೋಗೆ ಸುಮಾರು 392, 25ರಂದು ಹುರಿದದ್ದು 456. ಹದಿಮೂರು ದಿನದಲ್ಲಿ 64 ರೂಪಾಯಿ ನೆಗೆತ. ಸರಾಸರಿಯಲ್ಲಿ 400ರಿಂದ 452.50ಕ್ಕೆ. ‘ಎರಡನೇ ಸಲ ಹುರಿದದ್ದು ಯಾಕೆ ಇಷ್ಟು ದುಬಾರಿ ಬಿತ್ತು, ಸರಿಯಾಗಿ ಹುರಿಯಲಿಲ್ಲವೇನಪ್ಪ?’ ಎಂದು ಮಾಲೀಕರು ಹುರಿಯುವವನನ್ನು ಗದರಿದರೆ ಅದು ಅನ್ಯಾಯ. ಅವನು ಎರಡು ಸಲವೂ ನೂರಕ್ಕೆ ಎಂಬತ್ತೇ ಇಳಿಸಿದ್ದಾನೆ.

ಪುಡಿಯನ್ನು ಕಿಲೋಗೆ 540ರಂತೆ ಮಾರಿದರು, 4,32,000 ಬಂತು ಅನ್ನಿ. ಕೂಲಿ, ಗ್ಯಾಸು, ಕರೆಂಟು, ಪೊಟ್ಟಣ, ಬಾಡಿಗೆ ಎಲ್ಲ ಸೇರಿ 60,000. ಲಾಭ ಫಿಫೋದಲ್ಲಿ 38,000, ಸರಾಸರಿಯಲ್ಲಿ 35,200, ಲಿಫೋದಲ್ಲಿ 29,000. ಮೊದಲಿನದಕ್ಕೂ ಕೊನೆಯದಕ್ಕೂ ನಡುವಿನ 9,000 ರೂಪಾಯಿ ಯಾರ ಜೇಬಿಗೂ ಬಂದಿಲ್ಲ. ಅದು ಗೋದಾಮಿನ 100 ಕಿಲೋದಲ್ಲಿದೆ. ಒಂದು ಪುಸ್ತಕದಲ್ಲಿ ಅದಕ್ಕೆ 39,000, ಇನ್ನೊಂದರಲ್ಲಿ 30,000. ಎರಡೂ ಪುಸ್ತಕದಲ್ಲಿ ಆ 100 ಕಿಲೋದ ಬೆಲೆ ಖರ್ಚಿಗೆ ಬಿದ್ದ ದಿನ ವ್ಯತ್ಯಾಸ ತೀರುತ್ತದೆ.

ಲಾಭ ಕಡಿಮೆ ತೋರಿದರೆ ತೆರಿಗೆಯೂ ಕಡಿಮೆ ತಾನೇ ಎಂದು ನಿಮಗೆ ಹೊಳೆದಿರಬಹುದು. ಅಮೆರಿಕದ ಕಂಪನಿಗಳಿಗೆ ಅದು 1930ರ ದಶಕದ ಕೊನೆಯಲ್ಲೇ ಹೊಳೆಯಿತು. ಅಲ್ಲಿನ ಕಾನೂನು ಇಂದಿಗೂ ಲಿಫೋವನ್ನು ಒಪ್ಪುತ್ತದೆ. ಆದರೆ ತೆರಿಗೆಗೆ ಲಿಫೋ ಬಳಸಿದವರು ಷೇರುದಾರರಿಗೂ ಅದೇ ಲಾಭ ತೋರಿಸಬೇಕೆಂಬ ಷರತ್ತಿದೆ. ನಮ್ಮಲ್ಲಿ ಆ ಬಾಗಿಲು ಮುಚ್ಚಿದೆ. ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ದಾಸ್ತಾನಿನ ಮೌಲ್ಯದ ಬಗೆಗಿನ ತನ್ನ ಎರಡನೇ ಲೆಕ್ಕಪತ್ರ ಮಾನದಂಡವನ್ನು 1999ರಲ್ಲಿ ಪರಿಷ್ಕರಿಸಿದಾಗ ಲಿಫೋವನ್ನು ಕೈಬಿಟ್ಟಿತು. ಆದಾಯ ತೆರಿಗೆಯ ಲೆಕ್ಕದ ಮಾನದಂಡವೂ ಇಂಥ ಮಾಲಿಗೆ ಅದನ್ನು ಒಪ್ಪುವುದಿಲ್ಲ. ವರ್ಷದ ಕೊನೆಯ ಲೆಕ್ಕದಲ್ಲಿ ಫಿಫೋ ಇಲ್ಲವೇ ತೂಕದ ಸರಾಸರಿ. ಲಿಫೋ ಏನಿದ್ದರೂ ಮಾಲೀಕರು ತಮ್ಮ ತಿಳಿವಳಿಕೆಗೆ ಇಟ್ಟುಕೊಳ್ಳುವ ಅಸಲು ಪಟ್ಟಿಯಲ್ಲಿ.

ಲಿಫೋವನ್ನು ಮೆಚ್ಚುವವರು ಹೇಳುವ ಮಾತೊಂದಿದೆ: ಇಂದಿನ ಮಾರಾಟಕ್ಕೆ ಇಂದಿನ ಬೆಲೆ ಹೊಂದುತ್ತದೆ ಎಂದು. ನಮ್ಮ 25ನೇ ತಾರೀಖು ಆ ಮಾತಿನ ಬಲವನ್ನು ತುಸು ಕುಗ್ಗಿಸುತ್ತದೆ. ಹೊಸ ಮಾಲು 300 ಕಿಲೋ ಮಾತ್ರ ಇತ್ತು, ಬೇಕಾದದ್ದು 400. ಕೊರತೆಯ ನೂರು ಕಿಲೋಗೆ ಪುಸ್ತಕ ತಳಕ್ಕೆ ಕೈಹಾಕಿ ಹಳೆಯ 300ರ ಬೆಲೆ ಎತ್ತಿತು. ಅಂದು ಮಾರುಕಟ್ಟೆಯಲ್ಲಿ 390 ಇರುವಾಗ ಲಿಫೋ ಬರೆದದ್ದು ಸರಾಸರಿ 367.50. ಖರೀದಿ ತಡವಾದಷ್ಟೂ ಇನ್ನೂ ಹಳೆಯ ಪದರಗಳು ಮೇಲೆದ್ದು ಬಂದು ಅಸಲನ್ನು ಇಳಿಸುತ್ತವೆ, ಇಲ್ಲದ ಲಾಭ ತೋರಿಸುತ್ತವೆ.

ಇಷ್ಟಾದ ಮೇಲೆ ಒಂದು ಹೋಟೆಲಿನವರು ಬಂದು ‘ಮೂರು ತಿಂಗಳಿಗೆ ಒಂದೇ ರೇಟು ಹೇಳಿ ಸ್ವಾಮಿ’ ಎನ್ನುತ್ತಾರೆ. ಮಾಲೀಕರು ಪುಸ್ತಕ ತೆಗೆದು 417.50ಕ್ಕೆ ಇತರೆ ಖರ್ಚು ಕಿಲೋಗೆ 75 ಕೂಡಿಸಿ, 492.50 ಅಸಲು, 540ಕ್ಕೆ ಕೊಟ್ಟರೆ ಗಿಟ್ಟುತ್ತದೆ ಎಂದುಕೊಂಡರೆ ಅಲ್ಲಿಗೆ ಕೆಟ್ಟಿತು. ಹೋಟೆಲಿಗೆ ಕೊಡುವ ಪುಡಿ ಗೋದಾಮಿನ ಹಳೆ ಬೀಜದ್ದಲ್ಲ, ನಾಳೆ ಕೊಳ್ಳುವ ಬೀಜದ್ದು. 390ರ ಬೀಜದಲ್ಲಿ ನೂರಕ್ಕೆ ಇಪ್ಪತ್ತು ಹೋದರೆ ಕಿಲೋ ಪುಡಿಗೆ ಬೀಜವೇ 487.50, ಇತರೆ ಖರ್ಚು ಸೇರಿ 562.50. ಮೂರು ದಾರಿಗಳಲ್ಲಿ ಯಾವುದೂ ಈ ಅಂಕಿ ಹೇಳುವುದಿಲ್ಲ, ಏಕೆಂದರೆ ಮೂರೂ ಹೇಳುವುದು ಕೊಟ್ಟ ದುಡ್ಡಿನ ಕಥೆ.

ಜನವರಿಯನ್ನೇ ಇನ್ನೊಮ್ಮೆ ನೋಡಿ. 4,32,000 ವ್ಯಾಪಾರ, ಅದರಲ್ಲಿ 60,000 ಖರ್ಚು ಕಳೆದು ಕೈಯಲ್ಲಿ 3,72,000. ಖಾಲಿಯಾದ ಸಾವಿರ ಕಿಲೋ ತುಂಬಿಸಲು 3,90,000 ಬೇಕು. ಪುಸ್ತಕ 38,000 ಲಾಭ ತೋರಿಸಿದ ತಿಂಗಳಿನಲ್ಲಿ, ಅದರಲ್ಲಿ ಒಂದು ರೂಪಾಯಿಯನ್ನೂ ಮನೆಗೆ ಒಯ್ಯದಿದ್ದರೂ, ಮೂಟೆ ತರಲು 18,000 ಸಾಲ ಮಾಡಬೇಕು.