ನಿಮಗಿದು ಗೊತ್ತೆ? ಫ್ರೀಜರ್‌ನ ಬಿಳಿ ಕಲೆ ವಿಷವಲ್ಲ

ತಿಂಗಳುಗಟ್ಟಲೆ ಫ್ರೀಜರ್‌ನಲ್ಲಿಟ್ಟ ಕೋಳಿ ಮಾಂಸದ ಮೇಲೆ ಚಕ್ಕಳದಂತೆ ಒಣಗಿದ ಬೂದು-ಬಿಳಿ ಕಲೆ ಕಂಡರೆ ಅದು ಬೂಷ್ಟಲ್ಲ. ಇದಕ್ಕೆ ‘ಫ್ರೀಜರ್ ಬರ್ನ್’ ಎಂದು ಹೆಸರಿದ್ದರೂ ಇಲ್ಲಿ ಸುಟ್ಟದ್ದೇನೂ ಇಲ್ಲ, ಮಾಂಸದ ನೀರು ಆರಿಹೋಗಿದೆ. ಫ್ರೀಜರ್‌ನ ಒಣ ಗಾಳಿಯಲ್ಲಿ ಮೇಲ್ಮೈಯ ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗುತ್ತದೆ. ಆ ಆವಿಯೇ ಪೊಟ್ಟಣದ ಒಳಮೈಗೆ ತಾಗಿ ಹರಳುಗಟ್ಟುತ್ತದೆ. ನೀರು ಬಿಟ್ಟುಹೋದ ಸಣ್ಣ ತೂತುಗಳಲ್ಲಿ ಗಾಳಿ ಹೊಕ್ಕು ಕೊಬ್ಬು ಕಮಟುತ್ತದೆ.

ಇದರಿಂದ ಕೆಡುವುದು ರುಚಿ, ಆರೋಗ್ಯವಲ್ಲ. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಕಲೆಯಾದ ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಚೆನ್ನಾಗಿ ಬೇಯಿಸಿ ಸಾರಿಗೆ ಬಳಸಬಹುದು, ಹುರಿದರೆ ನಾರುನಾರಾಗುತ್ತದೆ. ಕಲೆ ಎಲ್ಲೆಡೆ ಹರಡಿದ್ದರೆ ಮಾತ್ರ ಬೇಯಿಸುವ ಶ್ರಮವೇ ದಂಡ.

ನಿಜವಾಗಿ ಹೆದರಬೇಕಾದದ್ದು ಒಮ್ಮೆ ಕರಗಿ ಮತ್ತೆ ಗಟ್ಟಿಯಾದ ಮಾಂಸಕ್ಕೆ. ಶೀತದಲ್ಲಿ ಬ್ಯಾಕ್ಟೀರಿಯಾ ಸಾಯುವುದಿಲ್ಲ, ನಿದ್ದೆ ಹೋಗಿರುತ್ತದೆ. ದೀರ್ಘ ಹೊತ್ತು ಕರೆಂಟ್ ಹೋಗಿ ಮಾಂಸದ ಉಷ್ಣತೆ 4 ಡಿಗ್ರಿ ದಾಟಿದರೆ ಅದು ಮತ್ತೆ ಬೆಳೆಯತೊಡಗುತ್ತದೆ. ಆ ಸ್ಥಿತಿಯಲ್ಲಿ ಎರಡು ಗಂಟೆಗಿಂತ ಹೆಚ್ಚು ಕಾಲ ಇದ್ದ ಮಾಂಸವನ್ನು, ವಾಸನೆ ಬರದಿದ್ದರೂ, ಎಸೆಯಲೇಬೇಕು. ಗುರುತು ಹಿಡಿಯಲು ಪೊಟ್ಟಣದ ತಳ ನೋಡಿ: ಬಿಡಿಬಿಡಿಯಾಗಿಟ್ಟ ತುಂಡುಗಳು ಒಂದೇ ಗಡ್ಡೆಯಾಗಿ ಅಂಟಿಕೊಂಡು, ಅಡಿಯಲ್ಲಿ ಕೆಂಪು ನೀರು ಹೆಪ್ಪುಗಟ್ಟಿದ್ದರೆ ಅದು ನಡುವೆ ಕರಗಿರುವ ಸಾಧ್ಯತೆ ಹೆಚ್ಚು. ಮೇಲೆ ಉದುರಿಕೊಂಡ ಹಗುರ ಹರಳುಗಳಷ್ಟೇ ಇದ್ದರೆ ಚಿಂತೆಯಿಲ್ಲ.

ಕಲೆ ಬಾರದಿರಲು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಮಾಂಸವಿಟ್ಟು, ಕೈಯಿಂದ ಒತ್ತಿ ಗಾಳಿ ಹೊರಹಾಕಿ ಬಾಯಿ ಬಿಗಿಯಿರಿ.