ಆರು ಹೊಲ, ಅರವತ್ನಾಲ್ಕು ದಾರಿ

ಮಹಾಗಾಂವದ ಸುತ್ತಲಿನ ಎರೆ ಹೊಲಗಳಲ್ಲಿ ತೊಗರಿ ಬಿತ್ತಿ ಐವತ್ತು ದಿನ ದಾಟಿತೆಂದರೆ ಕುಡಿ ಚಿವುಟುವ ಮಾತು ಬರುತ್ತದೆ. ತುದಿ ಹೋದರೆ ಪಕ್ಕದ ಟೊಂಗೆ ಹೆಚ್ಚುತ್ತವೆ, ಟೊಂಗೆ ಹೆಚ್ಚಿದರೆ ಕಾಯಿ ಹೆಚ್ಚುತ್ತವೆ ಎಂಬುದು ಇದರ ಹಿಂದಿನ ಲೆಕ್ಕಾಚಾರ. ಇಂಥ ಪ್ರಯೋಗಗಳ ವರದಿಯಲ್ಲಿ ಫಲಿತಾಂಶದ ಕೋಷ್ಟಕದ ಕೆಳಗೆ ಪಿ-ಮೌಲ್ಯವೊಂದು ಕೂತಿರುತ್ತದೆ. ಓದುವವರು ಅದನ್ನೇ ತೀರ್ಪು ಎಂದುಕೊಳ್ಳುತ್ತಾರೆ. ಆ ಅಂಕಿ ಹುಟ್ಟುವ ಬಗೆಯನ್ನು ಒಮ್ಮೆ ಕೈಯಾರೆ ಲೆಕ್ಕ ಹಾಕಿ ನೋಡಿದರೆ ಆ ತಪ್ಪು ಆಗುವುದಿಲ್ಲ.

ವಿವರಣೆಗೆಂದು ಒಂದು ಪ್ರಯೋಗವನ್ನು ಊಹಿಸಿಕೊಳ್ಳೋಣ. ಆರು ಹೊಲ; ಪ್ರತಿ ಹೊಲವನ್ನೂ ಎರಡು ಪಾಲು ಮಾಡಿ, ಯಾವ ಪಾಲಿನಲ್ಲಿ ಕುಡಿ ಚಿವುಟಬೇಕೆಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದ್ದಾರೆ. ರಾಶಿಯಾದ ಮೇಲೆ ತೂಗಿದರೆ, ಚಿವುಟಿದ ಪಾಲಿನಲ್ಲಿ ಎಕರೆಗೆ 120, 80, 50, 150, 90 ಕೆ.ಜಿ. ಹೆಚ್ಚು ಬಂದಿದೆ. ಆರನೆಯ ಹೊಲದಲ್ಲಿ ಮಾತ್ರ 30 ಕೆ.ಜಿ. ಕಡಿಮೆ. ಒಟ್ಟು ವ್ಯತ್ಯಾಸ 460, ಸರಾಸರಿ ಸುಮಾರು 77 ಕೆ.ಜಿ.

ಈಗ ಒಬ್ಬ ಹಟಮಾರಿ ಬಂದು, ಕುಡಿ ಚಿವುಟಿದ್ದರಿಂದ ಏನೂ ಆಗಿಲ್ಲ ಎನ್ನುತ್ತಾನೆ ಅನ್ನಿ. ಒಂದು ಪಾಲಿನ ಮಣ್ಣು ಆಳ, ಇನ್ನೊಂದರಲ್ಲಿ ನೀರು ನಿಂತಿತ್ತು, ವ್ಯತ್ಯಾಸವೆಲ್ಲ ಅದರದೇ ಎಂಬುದು ಅವನ ವಾದ. ಅವನ ಮಾತನ್ನು ಒಪ್ಪಿಕೊಂಡೇ ಲೆಕ್ಕ ಶುರುವಾಗಬೇಕು. ಅದು ನಿಜವಾಗಿದ್ದರೆ ಎರಡೂ ಪಾಲುಗಳ ಇಳುವರಿ ಹೇಗಿದ್ದರೂ ಅಷ್ಟೇ ಬರುತ್ತಿತ್ತು. ನಾಣ್ಯ ಉಲ್ಟಾ ಬಿದ್ದಿದ್ದರೆ 120 ಹೆಚ್ಚು ಎಂಬುದು 120 ಕಡಿಮೆ ಎಂದು ದಾಖಲಾಗುತ್ತಿತ್ತು. ಆರು ನಾಣ್ಯ ಬೀಳಬಹುದಾದ ದಾರಿ 64. ಅವುಗಳಲ್ಲಿ ಒಟ್ಟು 460 ಅಥವಾ ಅದಕ್ಕಿಂತ ಹೆಚ್ಚು ಬರುವುದು ಎರಡೇ ಸಲ: ಆರೂ ಹೊಲ ಚಿವುಟಿದ ಕಡೆಗೆ ವಾಲಿದಾಗ, ಇಲ್ಲವೇ 30ರ ಹೊಲ ಮಾತ್ರ ಎದುರಾದಾಗ. ಚಿವುಟಿದ್ದರಿಂದ ನಷ್ಟವೂ ಆಗಬಹುದಿತ್ತಲ್ಲ, ಆ ಬದಿಯ ಎರಡನ್ನೂ ಸೇರಿಸಿ. 64ರಲ್ಲಿ 4, ಅಂದರೆ ಸುಮಾರು 0.06. ಪಿ-ಮೌಲ್ಯವೆಂದರೆ ಇಷ್ಟೇ. ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1935ರ ತಮ್ಮ ಪುಸ್ತಕದಲ್ಲಿ ಡಾರ್ವಿನ್ ಬೆಳೆಸಿದ್ದ ಮೆಕ್ಕೆಜೋಳದ 15 ಜೋಡಿ ಗಿಡಗಳಿಗೆ ಹೀಗೆಯೇ ಲೆಕ್ಕ ಹಾಕಿದರು. ಅಲ್ಲಿ ದಾರಿಗಳು 32,768. ಹಾಳೆ, ಪೆನ್ಸಿಲ್ ಕಾಲದಲ್ಲಿ ಅದು ಸಣ್ಣ ಕೆಲಸವಲ್ಲ.

ಇಲ್ಲೇ ಜನ ಎಡವುತ್ತಾರೆ. 0.06 ಎಂದರೆ ಕುಡಿ ಚಿವುಟುವುದು ವ್ಯರ್ಥವಾಗಿರುವ ಸಂಭವ ನೂರಕ್ಕೆ ಆರು ಎಂದು ಓದುತ್ತಾರೆ. ನಾವು ಲೆಕ್ಕವನ್ನೇ ‘ಚಿವುಟುವುದು ವ್ಯರ್ಥ’ ಎಂದು ಒಪ್ಪಿ ಶುರು ಮಾಡಿದ್ದೆವು. ಒಪ್ಪಿಕೊಂಡ ಮಾತು ಎಷ್ಟರಮಟ್ಟಿಗೆ ನಿಜ ಎಂಬುದನ್ನು ಅದೇ ಲೆಕ್ಕ ಹೇಳಲಾರದು. ಅದು ವ್ಯರ್ಥವೇ ಆಗಿದ್ದರೆ ಇಷ್ಟು ವ್ಯತ್ಯಾಸ ಕಾಣುವುದು ಎಷ್ಟು ಅಪರೂಪ ಎಂಬುದಷ್ಟೇ ಉತ್ತರ.

0.06 ಎಂಬುದು 0.05ರ ಗೆರೆ ದಾಟಿದೆಯಾದ್ದರಿಂದ ವರದಿಯಲ್ಲಿ ‘ಎನ್‌ಎಸ್’ ಎಂದು ಬೀಳುತ್ತದೆ. ಕೃಷಿ ವಿಶ್ವವಿದ್ಯಾಲಯಗಳ ಭಾಷೆಯಲ್ಲಿ ಎರಡೂ ‘ಆ್ಯಟ್ ಪಾರ್’. ಹಾಗೆಂದರೆ ಎರಡೂ ಸಮ ಎಂದು ಸಾಬೀತಾಯಿತೇ? ಐದು ಹೊಲಗಳಲ್ಲಷ್ಟೇ ಪ್ರಯೋಗ ಮಾಡಿದ್ದರೆ ಏನಾಗುತ್ತಿತ್ತು ನೋಡಿ. ದಾರಿಗಳು 32. ಐದರಲ್ಲೂ ಚಿವುಟಿದ ಪಾಲೇ ಗೆದ್ದಿದ್ದರೂ 32ರಲ್ಲಿ 2, ಅದೂ 0.06. ಎಂಥ ಅದ್ಭುತ ಇಳುವರಿ ಬಂದರೂ ಈ ಬಗೆಯ ಲೆಕ್ಕದಲ್ಲಿ ಆ ಪ್ರಯೋಗ ಗೆರೆಯ ಕೆಳಗೆ ಇಳಿಯಲಾರದು. ‘ಎನ್‌ಎಸ್’ ಕಂಡ ಕೂಡಲೇ ಹೊಲಗಳನ್ನು ಎಣಿಸಬೇಕಾದದ್ದು ಇದಕ್ಕೇ.

ಇನ್ನೊಂದು ತಮಾಷೆಯಿದೆ. ಇದೇ ಆರು ಅಂಕಿಗಳನ್ನು ರೂಢಿಯ ಟಿ-ಪರೀಕ್ಷೆಗೆ ಹಾಕಿದರೆ ಪಿ-ಮೌಲ್ಯ ಸುಮಾರು 0.03 ಬರುತ್ತದೆ, ಅಂದರೆ ‘ಗಣನೀಯ’! ವ್ಯತ್ಯಾಸಗಳು ಗಂಟೆಯಾಕಾರದ ವಕ್ರರೇಖೆಯಂತೆ ಹಂಚಿಹೋಗಿವೆ ಎಂದು ಆ ಪರೀಕ್ಷೆ ನಂಬುತ್ತದೆ. ನಾಣ್ಯದ ಲೆಕ್ಕಕ್ಕೆ ಆ ನಂಬಿಕೆ ಬೇಡ. ತೊಗರಿ ಅದೇ, ತಕ್ಕಡಿ ಅದೇ. ಆದ್ದರಿಂದ ಪಿ-ಮೌಲ್ಯದ ಜೊತೆಗೆ ಪರೀಕ್ಷೆಯ ಹೆಸರಿಲ್ಲದ ವರದಿಯನ್ನು ನಾನು ಅರ್ಧ ವರದಿ ಎಂದೇ ತಿಳಿಯುತ್ತೇನೆ.

ರೈತನಿಗೆ ಬೇಕಾದದ್ದು ಕೆ.ಜಿ. ಅದೇ ಟಿ-ಲೆಕ್ಕದಲ್ಲಿ ಸರಾಸರಿ ಲಾಭದ ಶೇ. 95ರ ವ್ಯಾಪ್ತಿ ಎಕರೆಗೆ ಸುಮಾರು 11ರಿಂದ 142 ಕೆ.ಜಿ. 142 ಬಂದರೆ ಚಿವುಟುವ ಕೂಲಿ ಸಲೀಸಾಗಿ ಗಿಟ್ಟುತ್ತದೆ. 11ರಲ್ಲಿ ಗಿಟ್ಟುವುದು ಕಷ್ಟ. ಗೆರೆ ದಾಟಿದೆಯೋ ಇಲ್ಲವೋ ಎಂಬ ಜಗಳದಲ್ಲಿ ಈ ದೊಡ್ಡ ಅಂತರವೇ ಮರೆತುಹೋಗುತ್ತದೆ. ಅದೂ ಒಂದೇ ವರ್ಷದ ಮಳೆಯಲ್ಲಿ ಸಿಕ್ಕ ಅಂತರ. ಮುಂದಿನ ಮುಂಗಾರು ಕೈಕೊಟ್ಟರೆ ಚಿವುಟಿದ ಗಿಡ ಹೇಗೆ ನಡೆದುಕೊಳ್ಳುತ್ತದೆ ಎಂಬುದಕ್ಕೆ ಆ ವರ್ಷವೇ ನಾಣ್ಯ ಚಿಮ್ಮಿ, ಬೇರೆ ರಾಶಿ ತೂಗಿ ನೋಡಬೇಕು.