ಜ್ಯೂಸ್ ಪುಟದ ಲೆಕ್ಕ

ಹೆದ್ದಾರಿ ಬದಿಯ ಯಾವುದಾದರೂ ಫ್ಯಾಮಿಲಿ ರೆಸ್ಟೋರೆಂಟಿನ ಮೆನು ಕಾರ್ಡು ತೆಗೆದು ಕೊನೆಯ ಪುಟ ನೋಡಿ. ಮೂವತ್ತು ಬಗೆಯ ಜ್ಯೂಸು, ಹತ್ತು ಮಿಲ್ಕ್‌ಶೇಕು, ಎಂಟೋ ಒಂಬತ್ತೋ ಮಾಕ್‌ಟೇಲು. ಅದರಲ್ಲಿ ಮೂರು ಹೆಸರು ಹೇಳಿದರೆ ಎರಡಕ್ಕೆ ಸಪ್ಲೈಯರ್ ಅಲ್ಲೇ ನಿಂತು, ‘ಅದು ಇಲ್ಲ ಸರ್’ ಎನ್ನುತ್ತಾನೆ. ಮೂರನೆಯದನ್ನು ತರುತ್ತೇನೆಂದು ಹೋಗುತ್ತಾನೆ. ಗೋಬಿ ಬಂತು, ರೋಟಿ ಬಂತು, ಬಿರಿಯಾನಿಯೂ ಬಂತು, ಜ್ಯೂಸ್ ಮಾತ್ರ ಬರಲಿಲ್ಲ. ಊಟ ಮುಗಿಯುವ ಹೊತ್ತಿಗೆ ಬಂದ ಗ್ಲಾಸನ್ನು ಯಾರು ತಾನೇ ಖುಷಿಯಿಂದ ಕುಡಿಯುತ್ತಾರೆ? ಇನ್ನೊಂದು ಆರ್ಡರ್ ಕೊಡುವ ಮಾತಂತೂ ದೂರ.

ಮಾಲೀಕರನ್ನು ಕೇಳಿದರೆ, ‘ಜ್ಯೂಸಲ್ಲಿ ಒಳ್ಳೆ ಮಾರ್ಜಿನ್ ಇದೆ’ ಎನ್ನುತ್ತಾರೆ. ಅದು ನಿಜವೇ. ಆದರೆ ಅವರು ನೋಡುತ್ತಿರುವುದು ಸಾಮಾನಿನ ಖರ್ಚು ಮತ್ತು ಮಾರುವ ಬೆಲೆಯನ್ನು ಮಾತ್ರ. ಕೌಂಟರಿನಲ್ಲಿ ಒಬ್ಬನೇ ಹುಡುಗ, ಎರಡೇ ಮಿಕ್ಸಿ ಜಾರು ಇರುವಾಗ ಮೂರನೆಯದೊಂದು ಲೆಕ್ಕ ಬೇಕಾಗುತ್ತದೆ. ಒಂದು ಗ್ಲಾಸಿಗೆ ಎಷ್ಟು ನಿಮಿಷ ಹೋಗುತ್ತದೆ ಎಂಬುದು ಆ ಲೆಕ್ಕ.

ಅರುವತ್ತು ಸೀಟಿನ ಒಂದು ರೆಸ್ಟೋರೆಂಟನ್ನು ಊಹಿಸಿಕೊಂಡು ಲೆಕ್ಕ ಹಾಕೋಣ. ದರಗಳು ಊರಿಂದೂರಿಗೆ, ವಾರದಿಂದ ವಾರಕ್ಕೆ ಬದಲಾಗುತ್ತವೆ. ಇಲ್ಲಿರುವುದು ಉದಾಹರಣೆಗಾಗಿ ಹಿಡಿದ ಅಂಕಿ. ಮೊದಲಿಗೆ ಫ್ರೆಶ್ ಲೈಮ್ ಸೋಡಾ. ಒಂದು ನಿಂಬೆಹಣ್ಣು ₹5. ಒಂದು ಕಿಲೋ ಸಕ್ಕರೆಯನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿದರೆ ಸುಮಾರು 1.6 ಲೀಟರ್ ಪಾಕ ಸಿಗುತ್ತದೆ, ಹಾಗಾಗಿ ಗ್ಲಾಸಿಗೆ ಬೇಕಾದ 30 ಮಿಲಿಲೀಟರಿಗೆ ಒಂದು ರೂಪಾಯಿಯೂ ಆಗುವುದಿಲ್ಲ. ₹20ರ ಮುಕ್ಕಾಲು ಲೀಟರ್ ಸೋಡಾದಲ್ಲಿ 180 ಮಿಲಿಲೀಟರ್ ಎಂದರೆ ₹5. ಐಸು, ಉಪ್ಪು, ಸ್ಟ್ರಾ ಎಲ್ಲ ಸೇರಿ ₹3. ಒಟ್ಟು ₹14. ಇದನ್ನು ₹70ಕ್ಕೆ ಮಾರಿದರೆ ₹56 ಉಳಿಯಿತು. ಬಾಡಿಗೆ, ಸಂಬಳ, ಕರೆಂಟು ಬಿಲ್ಲು ಎಲ್ಲವೂ ಈ ಉಳಿಕೆಯಿಂದಲೇ ಹೋಗಬೇಕು. ಮಾಡಲು ಹಿಡಿಯುವ ಸಮಯ 40 ಸೆಕೆಂಡು.

ವರ್ಜಿನ್ ಮೊಜಿಟೊಗೆ ಇಷ್ಟರ ಜೊತೆಗೆ ಹತ್ತು ಹನ್ನೆರಡು ಪುದೀನ ಎಲೆ ಮತ್ತು ಪುಡಿ ಐಸು ಬೇಕು. ಪುದೀನದ ಕಟ್ಟು ಬಿಚ್ಚಿದರೆ ಅರ್ಧದಷ್ಟು ದಂಟು, ಬಾಡಿದ ಎಲೆ. ಅದನ್ನೂ ಸೇರಿಸಿ ಖರ್ಚು ₹20 ಎನ್ನೋಣ. ಮಾರಾಟದ ಬೆಲೆ ₹130, ಉಳಿಕೆ ₹110. ಆದರೆ ಎಲೆ ಆರಿಸಿ, ನಿಂಬೆ ಹೋಳಿನ ಜೊತೆ ಗ್ಲಾಸಿನಲ್ಲಿ ಕುಟ್ಟಿ, ಐಸು ಪುಡಿ ಮಾಡಿ, ಸೋಡಾ ಸುರಿದು ಕೊಡಲು ಎರಡೂವರೆ ನಿಮಿಷ ಬೇಕು. ಕಲ್ಲಂಗಡಿ ಜ್ಯೂಸಿಗೆ ಖರ್ಚು ₹20, ಬೆಲೆ ₹90, ಉಳಿಕೆ ₹70. ಹೆಚ್ಚಿ, ರುಬ್ಬಿ, ಸೋಸಿ, ಜಾರು ತೊಳೆಯುವಷ್ಟರಲ್ಲಿ ಎರಡು ನಿಮಿಷ.

ಈ ಖರ್ಚು ಬರೆಯುವಾಗ ತೆರಿಗೆ ಸೇರಿದ ಖರೀದಿ ದರವನ್ನೇ ಹಿಡಿಯಬೇಕು. ಸಾಮಾನ್ಯ ರೆಸ್ಟೋರೆಂಟುಗಳು ಗಿರಾಕಿಯಿಂದ ಶೇ 5 ಜಿಎಸ್‌ಟಿ ಪಡೆಯುತ್ತವೆ, ಆದರೆ ತಾವು ಕೊಂಡ ಸಾಮಾನಿಗೆ ಕಟ್ಟಿದ ತೆರಿಗೆಯನ್ನು ಹಿಂದೆ ಪಡೆಯುವಂತಿಲ್ಲ. ಕೋಲಾದಂಥ ಗ್ಯಾಸ್ ತುಂಬಿದ ಸಿಹಿ ಪಾನೀಯಗಳಿಗೆ 2025ರ ಸೆಪ್ಟೆಂಬರ್ 22ರಿಂದ ಇರುವ ಜಿಎಸ್‌ಟಿ ಶೇ 40. ಅದೆಲ್ಲ ಹೋಟೆಲಿನ ಮೈಮೇಲೆಯೇ ಬೀಳುತ್ತದೆ.

ಈಗ ಭಾನುವಾರ ರಾತ್ರಿ ಎಂಟರಿಂದ ಒಂಬತ್ತೂವರೆವರೆಗಿನ ರಷ್ ನೋಡಿ. ಇಪ್ಪತ್ತು ಮೊಜಿಟೊ, ಇಪ್ಪತ್ತು ಕಲ್ಲಂಗಡಿ, ಮೂವತ್ತು ಲೈಮ್ ಸೋಡಾಗೆ ಆರ್ಡರ್ ಬಂದಿದೆ. ಮೊಜಿಟೊಗೆ 50 ನಿಮಿಷ, ಕಲ್ಲಂಗಡಿಗೆ 40, ಲೈಮ್ ಸೋಡಾಗೆ 20. ಒಟ್ಟು 110 ನಿಮಿಷದ ಕೆಲಸ, ಕೈಯಲ್ಲಿರುವುದು 90 ನಿಮಿಷ. ಹುಡುಗ ಎಷ್ಟೇ ಚುರುಕಾಗಿದ್ದರೂ ಇಪ್ಪತ್ತು ನಿಮಿಷದ ಕೆಲಸ ಬಾಕಿ ಬಿದ್ದೇ ಬೀಳುತ್ತದೆ. ನಿಮಿಷಕ್ಕೆ ಎಷ್ಟು ದುಡಿಯುತ್ತದೆ ಎಂದು ನೋಡಿದರೆ ಚಿತ್ರ ತಿರುಗಿಬೀಳುತ್ತದೆ. ಮೊಜಿಟೊ ನಿಮಿಷಕ್ಕೆ ₹44, ಕಲ್ಲಂಗಡಿ ₹35, ಅಗ್ಗದ ಲೈಮ್ ಸೋಡಾ ₹84.

ಹಾಗಾದರೆ ಮೊಜಿಟೊ ತೆಗೆದುಹಾಕಿ ಲೈಮ್ ಸೋಡಾ ಮಾತ್ರ ಮಾರುವುದೇ? ಹಾಗೆ ಮಾಡಿದರೆ ಇನ್ನೊಂದು ಕಡೆ ಏಟು. ಗಿರಾಕಿ ಒಂದು ಊಟಕ್ಕೆ ಸಾಮಾನ್ಯವಾಗಿ ಒಂದೇ ಗ್ಲಾಸು ಕುಡಿಯುವುದು. ಕೌಂಟರ್ ಖಾಲಿ ಇರುವ ಮಂಗಳವಾರ ಮಧ್ಯಾಹ್ನ ನಿಮಿಷದ ಲೆಕ್ಕಕ್ಕೆ ಬೆಲೆಯೇ ಇಲ್ಲ; ಆಗ ₹110 ಉಳಿಸುವ ಗ್ಲಾಸೇ ಬೇಕು. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಮೈಕೆಲ್ ಕಸವಾನಾ ಮತ್ತು ಡೊನಾಲ್ಡ್ ಸ್ಮಿತ್ 1982ರಲ್ಲಿ ಮೆನು ಎಂಜಿನಿಯರಿಂಗ್ ಎಂಬ ವಿಧಾನ ಕೊಟ್ಟರು. ಪ್ರತಿ ಐಟಮ್ಮನ್ನು ಅದು ಎಷ್ಟು ಖರ್ಚಾಗುತ್ತದೆ, ಪ್ಲೇಟಿಗೆ ಎಷ್ಟು ರೂಪಾಯಿ ಉಳಿಸುತ್ತದೆ ಎಂಬ ಎರಡೇ ಅಳತೆಯಲ್ಲಿ ನೋಡುವ ವಿಧಾನ ಅದು. ಶೇಕಡಾವಾರು ಬಿಟ್ಟು ರೂಪಾಯಿ ಎಣಿಸಲು ಕಲಿಸಿದ್ದು ಅದರ ಹೆಚ್ಚುಗಾರಿಕೆ. ಆದರೆ ಕಾಲ ಅದರೊಳಗೆ ಇಲ್ಲ. ಒಬ್ಬನೇ ನಡೆಸುವ ಜ್ಯೂಸ್ ಕೌಂಟರಿಗೆ ಅದೊಂದೇ ಸಾಲದು ಎಂದು ನನಗೆ ಅನ್ನಿಸುವುದು ಇದಕ್ಕೇ.

ದಾರಿ ಇರುವುದು ಹೆಚ್ಚು ಉಳಿಸುವ ಪಾನೀಯವನ್ನೇ ಬೇಗ ಆಗುವಂತೆ ಮಾಡಿಕೊಳ್ಳುವುದರಲ್ಲಿ. ಮೊಜಿಟೊದಲ್ಲಿ ಸಮಯ ತಿನ್ನುವುದು ಎಲೆ ಆರಿಸಿ ಕುಟ್ಟುವ ಕೆಲಸ. ಅದನ್ನು ಸಂಜೆ ನಾಲ್ಕಕ್ಕೇ ಒಟ್ಟಿಗೆ ಮುಗಿಸಬಹುದು. ಸುಮಾರು 100 ಗ್ರಾಂ ಪುದೀನ ಎಲೆಯನ್ನು ಕುದಿಯುವ ನೀರಿನಲ್ಲಿ ಹತ್ತು ಹದಿನೈದು ಸೆಕೆಂಡು ಮಾತ್ರ ಅದ್ದಿ, ಕೂಡಲೇ ಐಸ್ ನೀರಿಗೆ ಹಾಕಬೇಕು. ಆಮೇಲೆ ಹಿಂಡಿ, ಒಂದು ಲೀಟರ್ ತಣ್ಣನೆಯ ಸಕ್ಕರೆ ಪಾಕದ ಜೊತೆ ರುಬ್ಬಿ, ಬಟ್ಟೆಯಲ್ಲಿ ಸೋಸಿದರೆ ಹಸಿರು ಪಾಕ ಸಿದ್ಧ. ಗ್ಲಾಸಿಗೆ 25 ಮಿಲಿಲೀಟರಿನಂತೆ ನಲವತ್ತು ಗ್ಲಾಸಿಗೆ ಸಾಕು.

ಇಲ್ಲಿ ಹೆಚ್ಚಿನವರು ಕೆಡಿಸಿಕೊಳ್ಳುವುದು ಎರಡು ಕಡೆ. ಹಸಿ ಎಲೆಯನ್ನು ಹಾಗೆಯೇ ರುಬ್ಬಿದರೆ ಎಲೆಯೊಳಗಿನ ಕಿಣ್ವಗಳು ಪಾಕವನ್ನು ಬೇಗ ಕಪ್ಪಾಗಿಸುತ್ತವೆ. ಬಿಸಿನೀರಿನ ಆ ಹದಿನೈದು ಸೆಕೆಂಡು ಅವನ್ನು ತಡೆಯಲಿಕ್ಕೆ. ಇನ್ನು ಕೆಲವರು ಒಂದೇ ಕೆಲಸವಾಗಲಿ ಎಂದು ನಿಂಬೆರಸವನ್ನೂ ಅದಕ್ಕೇ ಬೆರೆಸಿಡುತ್ತಾರೆ. ಹುಳಿ ತಗುಲಿದ ಹಸಿರು ನಿಲ್ಲುವುದಿಲ್ಲ, ಕೆಲವೇ ಗಂಟೆಗಳಲ್ಲಿ ಕಂದು ಮಿಶ್ರಿತ ಬಣ್ಣಕ್ಕೆ ತಿರುಗುತ್ತದೆ. ನಿಂಬೆರಸ ಬೇರೆ ಬಾಟಲಿಯಲ್ಲೇ ಇರಲಿ, ಅದೂ ಆ ರಾತ್ರಿಗೆ ಸಾಕಾಗುವಷ್ಟೇ. ಮರುದಿನಕ್ಕೆ ಅದು ಕಹಿ ಬರುತ್ತದೆ. ಪುದೀನ ಪಾಕ ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ, ಬಣ್ಣ ಮಾಸಿದರೆ ಚೆಲ್ಲಿಬಿಡಬೇಕು.

ರಷ್ ಹೊತ್ತಿನಲ್ಲಿ ಆಗಬೇಕಾದ್ದು ಇಷ್ಟೇ: ಪಾಕ, ನಿಂಬೆರಸ, ಗ್ಲಾಸ್ ತುಂಬ ಐಸು, ಕೊನೆಗೆ ಸೋಡಾ, ಚಮಚದಲ್ಲಿ ಒಮ್ಮೆ ಮಾತ್ರ ಮೇಲೆತ್ತಿ ಕಲಕುವುದು. ಒಂದು ಪುದೀನ ಕುಡಿಯನ್ನು ಅಂಗೈಯಲ್ಲಿಟ್ಟು ತಟ್ಟಿ ಮೇಲಿಟ್ಟರೆ ಘಮ ಮೂಗಿಗೆ ತಾಗುತ್ತದೆ. ಸೋಡಾ ಬಾಟಲಿ ಫ್ರಿಜ್ಜಿನಲ್ಲೇ ಇರಬೇಕು. ಹೊರಗಿಟ್ಟ ಬೆಚ್ಚಗಿನ ಸೋಡಾವನ್ನು ಐಸಿನ ಮೇಲೆ ಸುರಿದರೆ ನೊರೆಯುಕ್ಕಿ ಗ್ಯಾಸೆಲ್ಲ ಅಲ್ಲೇ ಹೋಗುತ್ತದೆ, ಟೇಬಲ್ಲಿಗೆ ಮುಟ್ಟುವುದು ಸಪ್ಪೆ ನೀರು. ಒಟ್ಟು 45 ಸೆಕೆಂಡಿನ ಕೆಲಸ. ಕುಟ್ಟಿ ಮಾಡಿದ ಮೊಜಿಟೊದ ರುಚಿಗೆ ಇದು ಪೂರ್ತಿ ಸಮ ಎಂದು ನಾನು ಹೇಳಲಾರೆ, ನಿಂಬೆ ಸಿಪ್ಪೆಯ ಎಣ್ಣೆಯ ಘಾಟು ಇದರಲ್ಲಿ ಕಡಿಮೆ. ಆದರೆ ನಿಮಿಷದ ದುಡಿಮೆ ₹44ರಿಂದ ₹146ಕ್ಕೆ ಏರುತ್ತದೆ. 110 ನಿಮಿಷದ ಕೆಲಸ 75ಕ್ಕೆ ಇಳಿಯುತ್ತದೆ, ಎಂದರೆ ಹೊಸ ಆಳಿಲ್ಲದೆ ರಷ್ ಮುಗಿಯುತ್ತದೆ.

ಕಲ್ಲಂಗಡಿಗೆ ಇಷ್ಟು ಸುಲಭದ ದಾರಿಯಿಲ್ಲ. ರುಬ್ಬಿಟ್ಟರೆ ನೀರು ಬೇರೆ, ತಿರುಳು ಬೇರೆಯಾಗುತ್ತದೆ, ಪರಿಮಳ ಸತ್ತುಹೋಗುತ್ತದೆ. ಏಳೂವರೆಗೆ ಮೂರು ಲೀಟರಿನಷ್ಟು ಮಾಡಿ ಫ್ರಿಜ್ಜಿನಲ್ಲಿಟ್ಟು, ಎರಡು ಗಂಟೆಯೊಳಗೆ ಖರ್ಚಾಗುವಷ್ಟೇ ಮಾಡುವ ಶಿಸ್ತು ಇದ್ದರೆ ಸರಿ. ಆ ಶಿಸ್ತು ಇಲ್ಲದ ಕಡೆ ಅದನ್ನು ಬೇಸಿಗೆಯ ಹಗಲಿಗಷ್ಟೇ ಇಟ್ಟು ರಾತ್ರಿಯ ಪುಟದಿಂದ ತೆಗೆಯುವುದೇ ವಾಸಿ.

ಬಾಟಲಿ ಕೋಲಾಗೆ ಹತ್ತು ಸೆಕೆಂಡು ಸಾಕು, ಮುಚ್ಚಳ ತೆಗೆದರಾಯಿತು. ₹17ಕ್ಕೆ ಕೊಂಡದ್ದನ್ನು ₹40ಕ್ಕೆ ಕೊಟ್ಟರೆ ₹23 ಉಳಿಕೆ. ಎಂಆರ್‌ಪಿ ಮೀರಬಹುದೇ ಎಂಬ ಜಗಳ ಹಳೆಯದು. ಹೋಟೆಲು ಬರೀ ಬಾಟಲಿ ಮಾರುವುದಿಲ್ಲ, ಕುಳಿತು ತಿನ್ನುವ ಸೇವೆಯನ್ನೂ ಕೊಡುತ್ತದೆ, ಆದ್ದರಿಂದ ಬಾಟಲಿ ನೀರಿಗೆ ಎಂಆರ್‌ಪಿಗಿಂತ ಹೆಚ್ಚು ಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಹೇಳಿತು. ಕಾನೂನು ಒಪ್ಪಿದರೂ ಬಾಟಲಿಯ ಮೇಲೆ ₹20 ಎಂದು ಅಚ್ಚಾಗಿರುವುದು ಗಿರಾಕಿಯ ಕಣ್ಣಿಗೆ ಬಿದ್ದೇ ಬೀಳುತ್ತದೆ. ಲೈಮ್ ಸೋಡಾದ ಮೇಲೆ ಯಾರ ಅಚ್ಚೂ ಇಲ್ಲ. ಕೋಲಾ ಇರಲಿ, ಕೇಳುವ ಮಕ್ಕಳಿದ್ದೇ ಇರುತ್ತಾರೆ. ಆದರೆ ಪುಟದ ತಲೆಯಲ್ಲಿ ಬೇಡ.

ತಲೆಯಲ್ಲಿ ಏನಿರಬೇಕು? ಹಸಿರು ಪಾಕದಂತೆ ಮೊದಲೇ ಮಾಡಿಟ್ಟು ಎರಡು ಮೂರು ಕಡೆ ಬಳಸಬಹುದಾದ್ದು. ನಮ್ಮಲ್ಲಿ ಇದಕ್ಕೆ ಹೇಳಿ ಮಾಡಿಸಿದ್ದು ಪುನರ್ಪುಳಿ, ಮಲೆನಾಡಿನವರ ಮುರುಗಲು. ಅದರ ಪಾಕ ತಿಂಗಳುಗಟ್ಟಲೆ ಇರುತ್ತದೆ, ಬಣ್ಣ ತಾನಾಗಿಯೇ ಗಾಢ ಕೆಂಪು, ಹುಳಿಯೂ ಅದರಲ್ಲೇ ಇರುವುದರಿಂದ ನಿಂಬೆ ಬೇಡ. ಸೋಡಾ ಸುರಿದರೆ ಪುನರ್ಪುಳಿ ಸೋಡಾ, ಹಸಿರು ಪಾಕ ಸೇರಿಸಿದರೆ ಪುನರ್ಪುಳಿ ಪುದೀನ, ತಣ್ಣೀರಿಗೆ ಬೆಲ್ಲ, ಏಲಕ್ಕಿ ಹಾಕಿದರೆ ಪಾನಕ. ಶುಂಠಿ ಪಾಕವೊಂದು ಜೊತೆಗಿದ್ದರೆ ಜಿಂಜರ್ ಲೈಮ್ ಬಂತು. ಮೂರು ಪಾಕ, ನಿಂಬೆ, ಸೋಡಾದಿಂದ ಆರೇಳು ಪಾನೀಯ, ಯಾವುದಕ್ಕೂ ಮಿಕ್ಸಿ ಬೇಡ. ಒಂದೇ ಪಾನೀಯಕ್ಕೆಂದು ತಂದ ಸಾಮಾನು ಮೂಲೆಯಲ್ಲಿ ಕೊಳೆಯುತ್ತದೆ, ‘ಅದು ಇಲ್ಲ ಸರ್’ ಹುಟ್ಟುವುದೂ ಅಲ್ಲಿಂದಲೇ. ಮಕ್ಕಳು ಬಣ್ಣ ನೋಡಿ ಕೈ ತೋರಿಸುವ ನೀಲಿ ಸಿರಪ್ಪಿಗೆ ಒಂದು ಜಾಗ ಕೊಡಬಹುದು, ಎರಡನೆಯದು ಬೇಡ.

ಕೊಂಡು ತಂದ ಸಿರಪ್ಪಿನಲ್ಲಿ ಹಣ ಸೋರುವುದು ಕೈಯಳತೆಯಲ್ಲಿ. 750 ಮಿಲಿಲೀಟರ್ ಬಾಟಲಿಯಲ್ಲಿ 20ರಂತೆ ಸುರಿದರೆ 37 ಗ್ಲಾಸು ಬರಬೇಕು. ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಟ್ಟು, ಖಾಲಿಯಾದಾಗ ಬಿಲ್ಲಿನ ಜೊತೆ ತಾಳೆ ನೋಡಿ. 27 ಬಿಲ್ಲು ಮಾತ್ರ ಇದ್ದರೆ ಹುಡುಗನ ಕೈ ಭಾರ, ಇಲ್ಲವೇ ಬಿಲ್ಲಿಲ್ಲದೆ ಗ್ಲಾಸು ಹೋಗುತ್ತಿದೆ. ಯಾವುದು ಎಂದು ತಿಳಿಯಲು ತೊಳೆಯಲು ವಾಪಸ್ ಬಂದ ಗ್ಲಾಸುಗಳನ್ನು ನೋಡಬೇಕು. ತಳದಲ್ಲಿ ಬಣ್ಣದ ಪಾಕ ಉಳಿದು ಬರುತ್ತಿದ್ದರೆ ಸುರಿಯುವುದು ಹೆಚ್ಚಾಗಿದೆ. ಅಳತೆಯ ಪುಟ್ಟ ಲೋಟವೊಂದನ್ನು ಬಾಟಲಿಯ ಕುತ್ತಿಗೆಗೇ ದಾರದಲ್ಲಿ ಕಟ್ಟಿಬಿಟ್ಟರೆ ಆಯಿತು.

ಕೊನೆಗೆ ನಿಂಬೆ. ಮಳೆಗಾಲದಲ್ಲಿ ₹2ಕ್ಕೆ ಸಿಗುವ ಹಣ್ಣು ಏಪ್ರಿಲಿನಲ್ಲಿ ₹10 ಮುಟ್ಟುವುದುಂಟು. ಗಾಬರಿಯಿಂದ ಕಾರ್ಡಿನ ಮೇಲೆ ಸ್ಟಿಕ್ಕರ್ ಅಂಟಿಸಿ ಬೆಲೆ ಏರಿಸುವವರಿದ್ದಾರೆ. ₹10ರ ನಿಂಬೆ ಹಾಕಿದರೂ ಲೈಮ್ ಸೋಡಾದ ಉಳಿಕೆ ₹56ರಿಂದ ₹51ಕ್ಕಷ್ಟೇ ಇಳಿಯುತ್ತದೆ. ಬೆಲೆ ಮುಟ್ಟುವ ಬದಲು ಆ ಎರಡು ತಿಂಗಳು ಸಪ್ಲೈಯರುಗಳಿಗೆ, ‘ಕುಡಿಯೋಕೆ ಏನು ಬೇಕು ಸರ್’ ಎಂದು ಕೇಳುವ ಬದಲು ‘ಪುನರ್ಪುಳಿ ಸೋಡಾ ತರ್ಲಾ ಸರ್’ ಎಂದು ಕೇಳಲು ಹೇಳಿಕೊಟ್ಟರೆ ಸಾಕು.